ಪಾಯ ತೋಡುವಾಗಲೇ ಬನ್ನಿ

ಕೇಳುಗರಿಗೆ ನಮಸ್ಕಾರ. ನಿಮ್ಮ ಜಾಗ ಒತ್ತಿ ಯಾರಾದರೂ ಕಟ್ಟಲು ಹೊರಟರೆ, ದಾವೆ ಮುಗಿಯುವವರೆಗೆ ಕೆಲಸ ನಿಲ್ಲಿಸುವ ಅಧಿಕಾರ ಕೋರ್ಟಿಗೆ ಇದೆ. ಅದೇ ತಾತ್ಕಾಲಿಕ ತಡೆಯಾಜ್ಞೆ, ನೀವೆಲ್ಲ ಹೇಳುವ 'ಸ್ಟೇ'. ನಾನು ಹೇಳುವುದು ಒಂದೇ ಮಾತು: ಪಾಯ ತೋಡುವಾಗಲೇ ಬನ್ನಿ.

ಗದಗ-ಬೆಟಗೇರಿಯಲ್ಲಿ ಪ್ಲಾಟ್ ಇದ್ದ ರೈತರೊಬ್ಬರು ನನ್ನ ಹತ್ತಿರ ಬಂದಿದ್ದರು. ಪಕ್ಕದವರ ಪಾಯ ಇವರ ಜಾಗದಲ್ಲಿ ಮೂರು ಫೂಟು ಒಳಗೆ ಬಂದಿತ್ತು. ಕೇಳಿದ್ದಕ್ಕೆ ಪಕ್ಕದವರು, "ಕೋರ್ಟು ಕಚೇರಿ ಯಾಕ್ರೀ ಕಾಕಾ? ಹಿರಿಯರನ್ನ ಕೂಡಿಸೋಣ" ಅಂದರು. ಹಿರಿಯರು ಕೂಡಿದರು, ಚಹಾ ಕುಡಿದರು, ಮುಂದಿನ ಅಮಾವಾಸ್ಯೆ ಮುಗಿಯಲಿ ಅಂದರು. ಆ ಕಡೆ ಪಿಲ್ಲರ್ ಎದ್ದವು, ಗೋಡೆ ಬಂತು. ಇವರು ನನ್ನ ಕಚೇರಿ ಮೆಟ್ಟಿಲು ಹತ್ತುವಾಗ ಅಲ್ಲಿ ಸ್ಲ್ಯಾಬಿಗೆ ನೀರು ಕಟ್ಟಿ ನಿಲ್ಲಿಸಿದ್ದರು!

ಕಾಗದಪತ್ರ ಎಲ್ಲಾ ಸರಿಯಾಗಿತ್ತು. ಖರೀದಿ ಪತ್ರದ ಚಕ್ಬಂದಿ, ಅಳತೆ ಎರಡೂ ಸ್ಪಷ್ಟ. ಆದರೆ ನ್ಯಾಯಾಧೀಶರು ನೋಡುವುದು ಮೂರು ವಿಷಯ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯೇ? ತಡೆ ಕೊಟ್ಟರೆ, ಕೊಡದಿದ್ದರೆ ಯಾರಿಗೆ ತೊಂದರೆ ಜಾಸ್ತಿ? ಆಗುವ ನಷ್ಟ ಆಮೇಲೆ ದುಡ್ಡಿನಿಂದ ತುಂಬಿಕೊಳ್ಳುವಂಥದ್ದೇ? ಮೊದಲನೆಯದರಲ್ಲಿ ನಾವು ಗೆದ್ದೆವು. ಎರಡನೆಯದರಲ್ಲಿ ಬಿದ್ದೆವು. "ಇಷ್ಟು ತಿಂಗಳು ಕಣ್ಣೆದುರೇ ಕಟ್ಟುತ್ತಿದ್ದರೂ ಸುಮ್ಮನಿದ್ದಿರಿ, ಈಗ ನಿಲ್ಲಿಸಿದರೆ ಅವರಿಗೇ ನಷ್ಟ" ಎಂದು ಅರ್ಜಿ ವಜಾ ಆಯಿತು. ದಾವೆ ಇನ್ನೂ ನಡೆದಿದೆ. ಆ ಮನೆಯ ವಾಸ್ತುಶಾಂತಿ ಊಟವೂ ಮುಗಿದಿದೆ.

ಜೆಸಿಬಿ ಬಂದ ದಿನವೇ ಬಂದಿದ್ದರೆ? ತಾರೀಖು ಕಾಣುವ ಫೋಟೊ, ಖರೀದಿ ಪತ್ರ, ಉತಾರ ಇಟ್ಟು ದಾವೆ ಹಾಕಿ, ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1 ಮತ್ತು 2ನೇ ನಿಯಮದಡಿ ಅರ್ಜಿ, ಪ್ರಮಾಣಪತ್ರ ಕೊಡುತ್ತಿದ್ದೆವು. ಸಾಮಾನ್ಯವಾಗಿ ಎದುರುಗಾರರಿಗೆ ನೋಟಿಸು ಹೋಗಬೇಕು. ಅಷ್ಟರೊಳಗೆ ಕೆಲಸ ಕೈಮೀರುತ್ತದೆ ಎನಿಸಿದರೆ, ಕಾರಣ ಬರೆದು, ನೋಟಿಸಿಗೆ ಕಾಯದೆ ತಡೆ ಕೊಡಬಹುದು. ಆಗ ಅರ್ಜಿ, ದಾವೆಯ ಪ್ರತಿಗಳನ್ನು ಕೂಡಲೇ ಎದುರುಗಾರರಿಗೆ ಮುಟ್ಟಿಸಿ ಅಥವಾ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಹಾಗೆ ಮಾಡಿದ್ದೇವೆಂದು ಅದೇ ದಿನ ಇಲ್ಲವೇ ಮರುದಿನ ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕು. ಇದನ್ನು ಮರೆತು ಸಿಕ್ಕ ತಡೆ ಕಳೆದುಕೊಂಡವರಿದ್ದಾರೆ. ಆದೇಶ ಮುರಿದು ಕಟ್ಟಿದವರ ಆಸ್ತಿ ಜಪ್ತಿ ಆಗಬಹುದು, 3 ತಿಂಗಳವರೆಗೆ ಸಿವಿಲ್ ಜೈಲೂ ಆಗಬಹುದು.

ಸಮಯ ಮುಗಿಯುತ್ತಾ ಬಂತು, ಹೊಲದಿಂದ ಹೊರಹಾಕುವವರ ವಿಷಯ ಬೇಗ ಹೇಳುತ್ತೇನೆ. ಅಲ್ಲಿ ಮುಖ್ಯವಾದದ್ದು ದಾವೆಯ ದಿನ ಕಬ್ಜೆ ಯಾರದ್ದು ಎಂಬುದು. ಉತಾರದ ಸಾಗುವಳಿ ಕಲಂ, ಬೆಳೆ ನಿಂತ ಫೋಟೊ ಇಟ್ಟುಕೊಳ್ಳಿ. ಹೊರಬಿದ್ದ ಮೇಲೆ ಬಂದರೆ, ಕಬ್ಜೆ ವಾಪಸ್ ಕೇಳುವ ಬೇರೆ ದಾರಿ ಹಿಡಿಯಬೇಕು, ಅದು ಉದ್ದದ ದಾರಿ.

ಇನ್ನೊಂದು. ಪಕ್ಕದವರ ವಕೀಲರಿಂದ ಕೇವಿಯಟ್ ನೋಟಿಸು ಬಂದರೆ ದೇವರ ಫೋಟೊ ಹಿಂದೆ ಸಿಕ್ಕಿಸಿ ಇಡಬೇಡಿ. ತಮ್ಮನ್ನು ಕೇಳದೆ ತಡೆ ಕೊಡಬೇಡಿ ಎಂದು ಅವರು ಕೋರ್ಟಿಗೆ ಮೊದಲೇ ಹೇಳಿಟ್ಟಿದ್ದಾರೆ. ಅದು 90 ದಿನ ಜಾರಿಯಲ್ಲಿರುತ್ತದೆ. ಆ ಲಕೋಟೆ ಬಂತೆಂದರೆ ಜೆಸಿಬಿ ಹಿಂದೆಯೇ ಬರುತ್ತಿದೆ ಅಂತಲೇ ತಿಳಿಯಿರಿ, ಅಂದೇ ವಕೀಲರ ಹತ್ತಿರ ಹೋಗಿ.