ಬ್ಯಾಂಕಲ್ಲಿ ಮಲಗಿದ್ದ ಮೊಸಳೆ: ಅಕ್ಕನ ಮಗನಿಗೊಂದು ಕಥೆ ಪುಸ್ತಕ

ನಮಸ್ಕಾರ, ಹಿಂದೆ ಕುಕ್ಕರ್ ಸೌಂಡ್ ಬರ್ತಿದೆ, ಸಾರಿ, ನಮ್ದು ಹನುಮಂತನಗರದ ಪುಟ್ಟ ಮನೆ, ಟೇಬಲ್ ಅಡುಗೆಮನೆ ಪಕ್ಕಾನೇ ಇರೋದು. ಅಕ್ಕನ ಮಗ ಒಂದನೇ ಕ್ಲಾಸು, ಅವನಿಗೆ ಎಂಟು ಪೇಜಿನ ಕಥೆ ಪುಸ್ತಕ ಮಾಡ್ತಿದೀನಿ. ಬಣ್ಣ ಹಚ್ಚೋದೆಲ್ಲ ನೋಡ್ತಾ ಇರಿ, ನಾನು ಕಥೆ ಹೇಳ್ತೀನಿ.

ಕಥೆಯಲ್ಲಿ ಚಿನ್ನು ಅಂತ ಹುಡುಗ. ಇಂಗ್ಲಿಷ್ ಪುಸ್ತಕದಲ್ಲಿ ಒಂದು ಸಾಲು ಓದ್ತಾನೆ, ಮೊಸಳೆ ಬ್ಯಾಂಕ್ ಮೇಲೆ ಮಲಗಿದೆ ಅಂತ. ಅವನಿಗೆ ಗೊತ್ತಿರೋ ಬ್ಯಾಂಕು ಒಂದೇ, ಅಜ್ಜಿ ಪೆನ್ಷನ್ ತಗೊಳ್ಳೋದು. ಬೆಂಗಳೂರು ಮಕ್ಕಳಿಗೆ ಹೊಳೆ ದಡ ಎಲ್ಲಿ ಕಾಣುತ್ತೆ ಹೇಳಿ, ನಮ್ಮನೆ ಹತ್ರಾನೇ ಹುಟ್ಟೋ ವೃಷಭಾವತೀನ ಮಕ್ಕಳು ಮೋರಿ ಅಂತಾರೆ, ದೊಡ್ಡೋರೂ ಹಾಗೇ ಅಂತಾರೆ. ಇರ್ಲಿ. ಅಜ್ಜಿ ಪಾಸ್‌ಬುಕ್ ಎಂಟ್ರಿಗೆ ಹೋದಾಗ ಚಿನ್ನು ಕೌಂಟರ್ ಕೆಳಗೆ ಬಗ್ಗಿ ಬಗ್ಗಿ ನೋಡ್ತಾನೆ. ಸೆಕ್ಯುರಿಟಿ ಅಂಕಲ್ "ಏನೋ ಮರಿ ಹುಡುಕ್ತಿದೀಯಾ" ಅಂದ್ರೆ, "ಮೊಸಳೆ ಎಲ್ಲಿ ಮಲ್ಕೊಂಡಿದೆ ಅಂಕಲ್?" "ಇವತ್ತು ಸರ್ವರ್ ಮಲ್ಕೊಂಡಿದೆಯಪ್ಪ, ಮೊಸಳೆ ಬಂದಿಲ್ಲ."

ಇಲ್ಲಿ ಅಜ್ಜಿ ಅರ್ಥ ಹೇಳಿಬಿಟ್ರೆ ಕಥೆ ಮುಗೀತು. ಮೊದಲ ಸಲ ನಾನು ಅದೇ ತಪ್ಪು ಮಾಡಿದ್ದೆ. ಈಗ ಐದನೇ ಪೇಜ್ ಕೊನೇಲಿ ಚಿನ್ನು "ಇಲ್ಲಿಲ್ಲ ಅಂದ್ರೆ ಯಾವ ಬ್ಯಾಂಕಲ್ಲಿದೆ?" ಅಂತ ಕೇಳ್ತಾನೆ, ಅಷ್ಟೇ. ಹಾಳೆ ತಿರುಗಿಸಿದ್ರೆ ಆರು-ಏಳು ಎರಡೂ ಪೇಜ್ ಸೇರಿಸಿ ಉದ್ದಕ್ಕೆ ಮೊಸಳೆ, ರಂಗನತಿಟ್ಟಲ್ಲಿ, ಕಾವೇರಿ ದಡದಲ್ಲಿ, ಬಾಯಿ ಬಿಟ್ಕೊಂಡು. ಉತ್ತರ ಹಾಳೆ ತಿರುಗಿಸಿದ ಮೇಲೇ ಕಾಣಬೇಕು, ಪಕ್ಕದ ಪೇಜಲ್ಲೇ ಇದ್ರೆ ಮಕ್ಕಳ ಕಣ್ಣು ಚಿತ್ರದ ಮೇಲೆ ಮೊದಲು ಹೋಗುತ್ತೆ, ಪ್ರಶ್ನೆ ಯಾರೂ ಓದಲ್ಲ. ಬಾಯಿ ಬಿಟ್ಟಿರೋದು ಮೈ ಬಿಸಿ ಇಳಿಸ್ಕೊಳ್ಳೋಕೆ, ಚಿನ್ನು ಮಾತ್ರ "ಕ್ಯೂ ಉದ್ದ ಇದೆ, ಆಕಳಿಸ್ತಿದೆ" ಅಂತಾನೆ.

ಆಮೇಲೆ ದೋಣಿಯಲ್ಲಿ ಅಜ್ಜಿ ಹೇಳ್ತಾರೆ, ಇಂಗ್ಲಿಷಲ್ಲಿ ದಡಕ್ಕೂ ಬ್ಯಾಂಕ್ ಅಂತಾನೇ ಹೆಸರು ಕಣೋ ಅಂತ. "ಮತ್ತೆ ಯಾವ ಬ್ಯಾಂಕು ಅಂತ ಹೆಂಗೆ ಗೊತ್ತಾಗುತ್ತೆ?" "ಹತ್ತು ಮೆಟ್ಟಿಲು ಹತ್ತು ಅಂದ್ರೆ ನಿಂಗೆ ಹೆಂಗೆ ಗೊತ್ತಾಗುತ್ತೋ ಹಂಗೇ." ಚಿನ್ನು ಬೆರಳು ಮಡಚ್ತಾ, ಹತ್ತು, ಹತ್ತು, ಅಂತ ಹೇಳ್ಕೋತಾನೆ. ಪಕ್ಕದಲ್ಲಿ ಮೆಟ್ಟಿಲು ಇತ್ತಲ್ಲ, ಪಕ್ಕದಲ್ಲಿ ನೀರು ಇದೆಯಲ್ಲ, ಅಷ್ಟೇ ಸುಳಿವು.

ದುಡ್ಡಿನ ಬ್ಯಾಂಕು ಇಟಲಿಯಲ್ಲಿ ನಾಣ್ಯ ಬದಲಾಯಿಸೋರು ಹಾಕ್ಕೊಂಡಿದ್ದ ಬೆಂಚಿಂದ ಬಂದಿದ್ದು, ದಡದ ಬ್ಯಾಂಕು ಉತ್ತರ ಯುರೋಪಿನ ಮಣ್ಣಿನ ದಿಬ್ಬದ ಪದ, ಇನ್ನೂ ಹಿಂದಕ್ಕೆ ಹೋದ್ರೆ ಎರಡಕ್ಕೂ ಬೇರು ಒಂದೇ ಅಂತಾರೆ. ಇದನ್ನೂ ಅಜ್ಜಿ ಬಾಯಲ್ಲಿ ಹಾಕಿದ್ದೆ, ಕಿತ್ತಾಕಿದೆ. ಆರು ವರ್ಷದ ಮಗೂಗೆ ಇಟಲಿ ಯಾಕೆ. ಈಗ ಹೇಳ್ತಾ ಇದ್ರೆ ಇರಬೇಕಿತ್ತೇನೋ ಅನ್ಸುತ್ತೆ... ಬೇಡ ಬಿಡಿ.

ಈಗ ಪ್ರಿಂಟ್ ಅಂಗಡಿ ಪುರಾಣ. ಎ4 ಹಾಳೆ ಎರಡು, ಎರಡೂ ಕಡೆ ಪ್ರಿಂಟ್, ನಡುವೆ ಮಡಚಿದ್ರೆ ಎಂಟು ಪೇಜ್. ಮೊದಲ ಹಾಳೆಯ ಒಂದು ಕಡೆ ಎಂಟು ಮತ್ತು ಒಂದು, ಬೆನ್ನಿಗೆ ಎರಡು ಮತ್ತು ಏಳು, ಎರಡನೇ ಹಾಳೆಯಲ್ಲಿ ಆರು-ಮೂರು, ಬೆನ್ನಿಗೆ ನಾಲ್ಕು-ಐದು. ರಾತ್ರಿ ಹನ್ನೊಂದರವರೆಗೆ ಕೂತು ಜೋಡಿಸಿದ್ದೆ. ಒಂದು ಸೈಡಿಗೆ 15 ರೂಪಾಯಿ, 60 ಕೊಟ್ಟೆ, ಹುಡುಗ ಕವರ್ ಪೇಜ್ ತೋರಿಸಿ "ಸೂಪರ್ ಬಂದಿದೆ ಮೇಡಂ" ಅಂದ, ನಾನೂ ಖುಷಿಯಾಗಿ ಬಂದುಬಿಟ್ಟೆ. ಮನೇಲಿ ಮಡಚಿದ್ರೆ, ನೋಡಿ, ಮೊಸಳೆ ಬಾಲ ನೆಟ್ಟಗಿದೆ, ಮೂತಿ ತಲೆಕೆಳಗೆ! ಆರನೇ ಪೇಜ್ ಹಾಳೆಯ ಮುಂದೆ, ಏಳನೇದು ಬೆನ್ನಲ್ಲಿ, ಬೆನ್ನಿಗಿದ್ದಿದ್ದೆಲ್ಲಾ ತಿರುಗಿದೆ. ಅಡ್ಡ ಹಾಳೆಗೆ Flip on short edge ಕೊಡಬೇಕು, ಅವನು Flip on long edge ಕೊಟ್ಟಿದಾನೆ. ವಾಪಸ್ ಹೋದ್ರೆ "ಫೈಲೇ ಹಂಗಿತ್ತು ಮೇಡಂ" ಅಂತಾನೆ, ಮತ್ತೆ 60! ಅರ್ಧ ಗಂಟೆ ಜಗಳ ಆಡಿ 30 ಕೊಟ್ಟೆ. ಒಂದು ಹಾಳೆ ಮೊದಲು ಹಾಕಿಸಿ, ಬೆನ್ನು ತಿರುಗಿಸಿ ನೋಡಿದ್ರೆ ಇದು ಆಗ್ತಾನೇ ಇರ್ಲಿಲ್ಲ, ನಂದೂ ತಪ್ಪಿದೆ, ಆದ್ರೂ ಕೋಪ ಹೋಗಿಲ್ಲ.

ಸ್ಟೇಪ್ಲರ್ ಹೊಡೆಯೋದು ನೋಡ್ತಿದೀರಲ್ಲ. ಇವನು ಬಂದ, ಓದ್ತಿದಾನೆ... ಐದನೇ ಪೇಜ್... ತಿರುಗಿಸಿದ... ನೋಡಿ ಮುಖ! ಅಯ್ಯೋ ಕ್ಯಾಮೆರಾ ಬ್ಯಾಟರಿ ಕೆಂಪಗಾಯ್ತು, ಪವರ್ ಬ್ಯಾಂಕ್ ಕೊಡೋ ಅಂದ್ರೆ, "ಚಿಕ್ಕಿ, ಈ ಬ್ಯಾಂಕಲ್ಲಿ ಯಾರು ಮಲಗ್ತಾರೆ?" ಅಂತಾನೆ. ಲೋ, ಇರೋದೇ ಎಂಟು ಪೇಜು ಕಣೋ, ಮೊದ್ಲು ವೈರ್ ಚುಚ್ಚು