ಡಿಸ್ಕಷನ್ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದುವುದು ಹೇಗೆ?

[ಸ್ಕ್ರೀನ್ ಮೇಲೆ ಒಂದೇ ವಾಕ್ಯ: "ಊಟದ ಜೊತೆ ಟೀ ಕುಡಿಯುವುದರಿಂದ ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಉಂಟಾಗುತ್ತದೆ ಎಂದು ಈ ಅಧ್ಯಯನ ಸಾಬೀತುಪಡಿಸಿದೆ."]

ನಮಸ್ಕಾರ. ಈ ವಾಕ್ಯವನ್ನು ಇನ್ನೊಂದು ಸಲ ಓದಿ. ಭಾಷೆ ಸರಿಯಾಗಿದೆ. ವಿಷಯವೂ ನಂಬುವಂತಿದೆ. ಆದರೂ ಒಂದು ಪ್ರಬಂಧದ ಡಿಸ್ಕಷನ್ ಅಧ್ಯಾಯದಲ್ಲಿ ಇದು ಕಂಡರೆ ನಾನು ಮೂರು ಕಡೆ ಗೆರೆ ಎಳೆಯುತ್ತೇನೆ. "ಉಂಟಾಗುತ್ತದೆ", "ಹದಿಹರೆಯದ ಹುಡುಗಿಯರಲ್ಲಿ", "ಸಾಬೀತುಪಡಿಸಿದೆ". ಯಾಕೆ ಅಂತ ಈ ವಿಡಿಯೋದಲ್ಲಿ ನೋಡೋಣ.

ಇದು ವಿವರಿಸೋಕೆ ಅಂತ ನಾನೇ ಕಟ್ಟಿದ ಉದಾಹರಣೆ, ಅಂಕಿಗಳೂ ನಾನೇ ಹಾಕಿದವು. ಒಂದು ಪಿಯು ಕಾಲೇಜಿನ ಹಾಸ್ಟೆಲ್. 120 ಹುಡುಗಿಯರು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ದಾರೆ, ಅದೇ ದಿನ ಪ್ರಶ್ನಾವಳಿ ತುಂಬಿಸಿದ್ದಾರೆ. ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯನ್ನೇ ಇಟ್ಟುಕೊಂಡಿದ್ದಾರೆ.

[ಸ್ಕ್ರೀನ್ ಮೇಲೆ ಟೇಬಲ್: ಊಟವಾದ ಒಂದು ಗಂಟೆಯೊಳಗೆ ಟೀ ಕುಡಿಯುವವರು 64, ಅವರಲ್ಲಿ ರಕ್ತಹೀನತೆ 41. ಕುಡಿಯದವರು 56, ಅವರಲ್ಲಿ ರಕ್ತಹೀನತೆ 25.]

ಅಂದರೆ ಒಂದು ಕಡೆ ಶೇ. 64, ಇನ್ನೊಂದು ಕಡೆ ಶೇ. 45. ಪಿ ವ್ಯಾಲ್ಯೂ 0.03. ಸ್ಕಾಲರ್‌ಗೆ ಖುಷಿ. ಡಿಸ್ಕಷನ್ ಶುರು.

ಇಂಥ ಅಧ್ಯಾಯ ಕೈಗೆ ಬಂದಾಗ ನಾನು ಅದನ್ನು ಮೊದಲು ಓದುವುದಿಲ್ಲ. ಮೊದಲು ವಿಧಾನದ ಅಧ್ಯಾಯ, ಆಮೇಲೆ ಟೇಬಲ್‌ಗಳು. ಒಂದು ಖಾಲಿ ಹಾಳೆಯಲ್ಲಿ ನನ್ನ ಮಾತಿನಲ್ಲೇ ಎರಡು ಸಾಲು ಬರೆದುಕೊಳ್ಳುತ್ತೇನೆ: ಈ ವಿಧಾನದಿಂದ ಜಾಸ್ತಿ ಅಂದರೆ ಏನು ಹೇಳಬಹುದು? ಏನು ಹೇಳೋಕೆ ಸಾಧ್ಯವೇ ಇಲ್ಲ? ಡಿಸ್ಕಷನ್ ಮೊದಲು ಓದಿಬಿಟ್ಟರೆ ಬರೆದವರ ವಾದದ ಜೊತೆ ನಾವೂ ತೇಲಿ ಹೋಗುತ್ತೇವೆ. ಆಮೇಲೆ ಟೇಬಲ್ ನೋಡಿದರೂ ಅವರು ಹೇಳಿದ್ದೇ ಕಾಣುತ್ತದೆ.

ಈ ಅಧ್ಯಯನಕ್ಕೆ ನನ್ನ ಎರಡು ಸಾಲು ಹೀಗಿರುತ್ತವೆ. ಹೇಳಬಹುದಾದದ್ದು: ಈ ಹಾಸ್ಟೆಲ್‌ನಲ್ಲಿ ಊಟದ ಹೊತ್ತಿಗೆ ಟೀ ಕುಡಿಯುವವರಲ್ಲಿ ರಕ್ತಹೀನತೆ ಹೆಚ್ಚು ಕಂಡಿತು. ಹೇಳಲಾಗದ್ದು: ಟೀಯೇ ಅದಕ್ಕೆ ಕಾರಣ.

ಈಗ ಆ ಮೊದಲ ವಾಕ್ಯಕ್ಕೆ ಬರೋಣ. "ಉಂಟಾಗುತ್ತದೆ" ಅನ್ನುವ ಕ್ರಿಯಾಪದವೇ ದೊಡ್ಡ ತೊಂದರೆ. ಹಿಮೋಗ್ಲೋಬಿನ್ ಮತ್ತು ಟೀ ಎರಡನ್ನೂ ಒಂದೇ ದಿನ ಅಳೆದಿದ್ದಾರೆ. ಯಾವುದು ಮೊದಲು ಬಂತು ಅಂತ ಗೊತ್ತಾಗುವುದಿಲ್ಲ. ಸ್ವಲ್ಪ ಯೋಚನೆ ಮಾಡಿ. ರಕ್ತ ಕಡಿಮೆ ಇರುವ ಹುಡುಗಿಗೆ ಸುಸ್ತು, ತಲೆನೋವು. ಸುಸ್ತಾದವರು ಏನು ಮಾಡುತ್ತಾರೆ? ಒಂದು ಲೋಟ ಟೀ ಜಾಸ್ತಿ ಕುಡಿಯುತ್ತಾರೆ, ಅಲ್ವಾ? ಹಾಗಾದರೆ ರಕ್ತಹೀನತೆಯಿಂದಲೇ ಟೀ ಹೆಚ್ಚಾಗಿರಬಹುದು. ಈ ಟೇಬಲ್ ಎರಡೂ ಕಥೆಗೆ ಒಪ್ಪುತ್ತದೆ. ಎರಡು ಕಥೆಗೆ ಒಪ್ಪುವ ಟೇಬಲ್ ಇಟ್ಟುಕೊಂಡು ಒಂದೇ ಕಥೆ ಹೇಳುವುದು ಅತಿಯಾದ ಹೇಳಿಕೆ.

"ಹದಿಹರೆಯದ ಹುಡುಗಿಯರಲ್ಲಿ" ಅಂತ ಬರೆದಾಗ ಒಂದು ಹಾಸ್ಟೆಲ್ ಇಡೀ ನಾಡಾಗಿಬಿಟ್ಟಿತು. ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಒಂದೇ ಅಡುಗೆ, ಒಂದೇ ಹೊತ್ತಿಗೆ ಟೀ. ಮನೆಯಲ್ಲಿ ಉಣ್ಣುವ ಹುಡುಗಿಯ ಬಗ್ಗೆ ಇದು ಏನೂ ಹೇಳುವುದಿಲ್ಲ.

"ಸಾಬೀತು" ಪದದ ಮುಂದೆ ನಾನು ಒಂದು ಅಂಕಿ ಬರೆಯುತ್ತೇನೆ. ಎರಡು ಗುಂಪಿನ ನಡುವಿನ ವ್ಯತ್ಯಾಸ ಶೇಕಡಾವಾರಿನಲ್ಲಿ ಸುಮಾರು 19 ಅಂಶ. ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ ಲೆಕ್ಕ ಹಾಕಿದರೆ 2ರಿಂದ 37ರವರೆಗೆ ಬರುತ್ತದೆ. 2 ಅಂಶ ಅಂದರೆ ಇದ್ದೂ ಇಲ್ಲದಂತೆ. 37 ಅಂದರೆ ಬಹಳ ದೊಡ್ಡದು. ಇಷ್ಟು ಅಗಲದ ಅಂದಾಜನ್ನು ಸಾಬೀತು ಅನ್ನುವುದು ಹೇಗೆ? ಪಿ ವ್ಯಾಲ್ಯೂ ಒಂದನ್ನೇ ಬರೆದರೆ ಈ ಅಗಲ ಕಾಣುವುದೇ ಇಲ್ಲ.

ಅತಿಯಾದ ಹೇಳಿಕೆಗೆ ಇನ್ನೊಂದು ಮುಖವೂ ಇದೆ. ಅದು ಅನುಭವ ಇರುವವರ ಕಣ್ಣಿಗೂ ತಪ್ಪುತ್ತದೆ.

[ಸ್ಕ್ರೀನ್ ಮೇಲೆ: "ಕಬ್ಬಿಣಾಂಶದ ಮಾತ್ರೆಯಿಂದ ರಕ್ತಹೀನತೆಯ ಮೇಲೆ ಯಾವುದೇ ಪ್ರಯೋಜನವಿಲ್ಲ (ಪಿ 0.25)."]

ಇದೇ ಅಧ್ಯಯನದಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಿದವರು 38. ಅವರಲ್ಲಿ ರಕ್ತಹೀನತೆ 18 ಜನಕ್ಕೆ, ಶೇ. 47. ಉಳಿದ 82 ಜನರಲ್ಲಿ 48, ಶೇ. 59. ಮಾತ್ರೆ ನುಂಗಿದವರ ಸ್ಥಿತಿ ಉತ್ತಮವಾಗೇ ಇದೆ! ಗುಂಪು ಚಿಕ್ಕದಾದ್ದರಿಂದ ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಇಳಿಯಲಿಲ್ಲ, ಅಷ್ಟೇ. ಇಂಟರ್ವಲ್ ನೋಡಿದರೆ ಮಾತ್ರೆಯಿಂದ 30 ಅಂಶದಷ್ಟು ಒಳ್ಳೆಯದೂ ಆಗಿರಬಹುದು, 8 ಅಂಶ ಕೆಟ್ಟದ್ದೂ ಆಗಿರಬಹುದು. ಇಲ್ಲಿ ಬರೆಯಬೇಕಾದದ್ದು "ಪ್ರಯೋಜನವಿಲ್ಲ" ಅಂತ ಅಲ್ಲ, "ಈ ಸಂಖ್ಯೆಯಿಂದ ತೀರ್ಮಾನಿಸಲು ಆಗದು" ಅಂತ. ಈ ಒಂದು ವಾಕ್ಯದ ಬಗ್ಗೆ ನನಗೆ ನಿಜವಾಗಿಯೂ ಭಯ. ಇದನ್ನು ಓದಿದ ಯಾರೋ ಒಬ್ಬರು ಹಾಸ್ಟೆಲ್‌ನಲ್ಲಿ ಮಾತ್ರೆ ಹಂಚುವುದನ್ನು ಹಗುರವಾಗಿ ತಗೊಂಡರೆ?

ಸರಿ, ಮಿತಿಗಳಿಗೆ ಬರೋಣ. ನಾನು ಹೆಚ್ಚು ಹೊತ್ತು ಕೂರುವುದು ಇಲ್ಲೇ.

[ಸ್ಕ್ರೀನ್ ಮೇಲೆ: "ಮಾದರಿಯ ಗಾತ್ರ ಚಿಕ್ಕದು. ಸಮಯ ಕಡಿಮೆ ಇತ್ತು. ಹೆಚ್ಚಿನ ಸಂಶೋಧನೆ ಅಗತ್ಯ."]

ಈ ಮೂರು ವಾಕ್ಯವನ್ನು ಯಾವ ಪ್ರಬಂಧಕ್ಕೆ ಅಂಟಿಸಿದರೂ ಹೊಂದುತ್ತದೆ. ಅಂದರೆ ಈ ಅಧ್ಯಯನದ ಬಗ್ಗೆ ಏನೂ ಹೇಳಿಲ್ಲ ಅಂತ ಅರ್ಥ. ಪ್ರತಿ ಮಿತಿಯ ಪಕ್ಕದಲ್ಲೂ ನಾನು ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ: ಇದು ನಿಮ್ಮ ಯಾವ ಅಂಕಿಯನ್ನು, ಯಾವ ಕಡೆಗೆ ತಳ್ಳುತ್ತದೆ?

ಬೆರಳು ಚುಚ್ಚಿ ರಕ್ತ ತೆಗೆದದ್ದನ್ನೇ ತಗೊಳ್ಳಿ. ರಕ್ತ ಸರಿಯಾಗಿ ಬರದಿದ್ದಾಗ ಬೆರಳನ್ನು ಹಿಂಡುತ್ತಾರೆ. ಹಿಂಡಿದಾಗ ಚರ್ಮದಡಿಯ ನೀರಿನಂಥ ದ್ರವವೂ ಹನಿಗೆ ಸೇರುತ್ತದೆ. ರಕ್ತ ತೆಳ್ಳಗಾಗಿ ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ "ನಮ್ಮಲ್ಲಿ ಶೇ. 55 ಜನಕ್ಕೆ ರಕ್ತಹೀನತೆ" ಅನ್ನುವ ಅಂಕಿ ನಿಜಕ್ಕಿಂತ ಹೆಚ್ಚಿರಬಹುದು. ಆದರೆ ಟೀ ಕುಡಿಯುವವರ ಬೆರಳನ್ನೂ ಕುಡಿಯದವರ ಬೆರಳನ್ನೂ ಒಂದೇ ರೀತಿ ಹಿಂಡಿದ್ದರೆ, ಎರಡು ಗುಂಪಿನ ಹೋಲಿಕೆಗೆ ಅಷ್ಟು ಏಟು ಬೀಳುವುದಿಲ್ಲ. ನೋಡಿ, ಒಂದೇ ಮಿತಿ ಒಂದು ವಾಕ್ಯವನ್ನು ಅಲುಗಾಡಿಸುತ್ತದೆ, ಇನ್ನೊಂದನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ.

ಇನ್ನು ನೆನಪು. "ಊಟ ಆಗಿ ಒಂದು ಗಂಟೆಯೊಳಗೆ ಕುಡಿದೆಯಾ?" ಅಂತ ಕೇಳಿದರೆ ಯಾರು ಗಡಿಯಾರ ನೋಡಿರುತ್ತಾರೆ? ಅಂದಾಜಿಗೆ ಹೇಳುತ್ತಾರೆ. ರಕ್ತಹೀನತೆ ಇದ್ದವರೂ ಇಲ್ಲದವರೂ ಒಂದೇ ಪ್ರಮಾಣದಲ್ಲಿ ತಪ್ಪು ಹೇಳಿದರೆ ಎರಡು ಗುಂಪು ಬೆರೆತುಹೋಗುತ್ತವೆ, ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ. ಅಂದರೆ ಈ ಮಿತಿ ಸ್ಕಾಲರ್ ಪರವಾಗೇ ಇದೆ. ಅದನ್ನೂ ಅವರು ಬರೆದಿಲ್ಲ!

ಆದರೆ ಬರೆಯಲೇಬೇಕಿದ್ದ ಮಿತಿ ಬೇರೆಯೇ ಇದೆ. ಬೆಳಗ್ಗೆ ತಿಂಡಿ ಬಿಟ್ಟು ಸುಮ್ನೆ ಟೀ ಕುಡಿದು ಕ್ಲಾಸಿಗೆ ಓಡುವವರು ಎಷ್ಟು ಜನ? ಅವರು ದಿನವಿಡೀ ತಿನ್ನುವುದೇ ಕಡಿಮೆ. ಅವರ ರಕ್ತ ಕಡಿಮೆಯಾಗಲು ಟೀಗಿಂತ ಹಸಿವೇ ದೊಡ್ಡ ಕಾರಣ ಇರಬಹುದು. ಊಟದ ನಂತರವೂ ಹೆಚ್ಚು ಟೀ ಕುಡಿಯುವವರು ಅವರೇ ಆಗಿದ್ದರೆ, ಇದು ವ್ಯತ್ಯಾಸವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ತಿಂಡಿಯ ಬಗ್ಗೆ ಪ್ರಶ್ನಾವಳಿಯಲ್ಲಿ ಕೇಳಿದ್ದಾರಾ ಅಂತ ಅನುಬಂಧ ತೆಗೆದು ನೋಡಿ. ಎಷ್ಟೋ ಸಲ ಕೇಳಿರುತ್ತಾರೆ, ವಿಶ್ಲೇಷಣೆಯಲ್ಲಿ ಬಿಟ್ಟಿರುತ್ತಾರೆ. ಕೇಳಿದ್ದರೆ ತಿಂಡಿ ತಿನ್ನುವವರನ್ನೂ ಬಿಡುವವರನ್ನೂ ಬೇರೆ ಮಾಡಿ ಮತ್ತೆ ಲೆಕ್ಕ ಹಾಕಲು ಹೇಳಿ. ಕೇಳಿಲ್ಲದಿದ್ದರೆ ಅದನ್ನು ಮಿತಿಯಾಗಿ, ಟೀ ಬಗ್ಗೆ ಮಾತಾಡುವ ಪ್ಯಾರಾದಲ್ಲೇ ಬರೆಯಲು ಹೇಳಿ. ನಾಲ್ಕು ಪುಟ ದಾಟಿ ಕೊನೆಯಲ್ಲಿ ಬರೆದರೆ ಮೊದಲಿನ ಹೇಳಿಕೆ ಹಾಗೇ ಗಟ್ಟಿಯಾಗಿ ನಿಂತಿರುತ್ತದೆ.

ಅತಿಯಾದ ಹೇಳಿಕೆ ಆಯಿತು, ಮಿತಿಗಳು ಆದವು. ಮೂರನೆಯದು, ಫಲಿತಾಂಶವನ್ನೇ ಮತ್ತೆ ಒಪ್ಪಿಸುವುದು.

[ಸ್ಕ್ರೀನ್ ಮೇಲೆ: "ಟೀ ಕುಡಿಯುವವರಲ್ಲಿ ಶೇ. 64, ಕುಡಿಯದವರಲ್ಲಿ ಶೇ. 45 ಜನರಿಗೆ ರಕ್ತಹೀನತೆ ಇತ್ತು. ಇದು ಹಿಂದಿನ ಅಧ್ಯಯನಗಳಿಗೆ ಹೊಂದುತ್ತದೆ."]

ಇದನ್ನು ಪತ್ತೆ ಹಚ್ಚುವುದು ಸುಲಭ. ಪ್ಯಾರಾದಲ್ಲಿರುವ ಅಂಕಿಗಳನ್ನೆಲ್ಲ ಪೆನ್ಸಿಲ್‌ನಿಂದ ಹೊಡೆದು ಹಾಕಿ, ಉಳಿದದ್ದನ್ನು ಓದಿ. "ಹೊಂದುತ್ತದೆ" ಒಂದೇ ಉಳಿದರೆ ಅಲ್ಲಿ ಚರ್ಚೆ ನಡೆದಿಲ್ಲ. ಹಿಂದೆಲ್ಲ ನಾನು ಪಕ್ಕದಲ್ಲಿ "ವಿವರಿಸಿ" ಅಂತ ಬರೆದು ವಾಪಸ್ ಕೊಡುತ್ತಿದ್ದೆ. ಒಬ್ಬ ಹುಡುಗಿ ಬಂದು, "ಮೇಡಂ, ಏನನ್ನ ವಿವರಿಸಲಿ?" ಅಂತ ಕೇಳಿದಳು. ಅವಳು ಕೇಳಿದ್ದು ಸರಿಯಾಗೇ ಇತ್ತು. ಅಂದಿನಿಂದ ಕಾಮೆಂಟನ್ನು ಪ್ರಶ್ನೆಯಾಗಿ ಬರೆಯುತ್ತೇನೆ. "ಹಾಸ್ಟೆಲ್ ಊಟದಲ್ಲಿ ಕಬ್ಬಿಣಾಂಶ ಎಲ್ಲಿಂದ ಬರುತ್ತದೆ? ಟೀಯಲ್ಲಿ ಅದಕ್ಕೆ ಅಡ್ಡ ಬರುವುದು ಯಾವುದು? ನೀವು ಹೋಲಿಸಿದ ಅಧ್ಯಯನದವರು ಎಂಥ ಊಟ ಮಾಡುತ್ತಿದ್ದರು?"

ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ರಾಗಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಟೀಯ ಟ್ಯಾನಿನ್ ಹಿಡಿದಿಟ್ಟು ಹೀರಿಕೆ ತಗ್ಗಿಸುತ್ತದೆ. ಮಾಂಸದಿಂದ ಬರುವ ಹೀಮ್ ಕಬ್ಬಿಣದ ಮೇಲೆ ಅದರ ಪ್ರಭಾವ ಬಹಳ ಕಡಿಮೆ. ಹಾಗಾದರೆ ವಾರಕ್ಕೆರಡು ಸಲ ಮಾಂಸ ತಿನ್ನುವವರಲ್ಲಿ ಈ ವ್ಯತ್ಯಾಸ ಕಿರಿದಾಗಬೇಕಲ್ವಾ? ಡೇಟಾದಲ್ಲಿ ಅದು ಕಾಣುತ್ತದಾ? ಈಗ ಇದು ಡಿಸ್ಕಷನ್.

ಎಲ್ಲ ಸೇರಿಸಿ ಆ ಪ್ಯಾರಾವನ್ನು ತಿದ್ದಿ ಬರೆದರೆ ಹೀಗಿರುತ್ತದೆ.

[ಸ್ಕ್ರೀನ್ ಮೇಲೆ, ನಿಧಾನವಾಗಿ: "ಈ ಹಾಸ್ಟೆಲ್‌ನಲ್ಲಿ ಊಟದ ಒಂದು ಗಂಟೆಯೊಳಗೆ ಟೀ ಕುಡಿಯುವವರಲ್ಲಿ ರಕ್ತಹೀನತೆ ಹೆಚ್ಚು ಕಂಡುಬಂತು, ವ್ಯತ್ಯಾಸ ಅತಿ ಚಿಕ್ಕದೂ ಇರಬಹುದು, ದೊಡ್ಡದೂ ಇರಬಹುದು. ಸಸ್ಯಾಹಾರದ ಕಬ್ಬಿಣಾಂಶದ ಹೀರಿಕೆಯನ್ನು ಟ್ಯಾನಿನ್ ತಗ್ಗಿಸುವುದು ಇದಕ್ಕೆ ಒಂದು ವಿವರಣೆ. ಆದರೆ ಬೆಳಗಿನ ತಿಂಡಿ ಬಿಡುವವರೇ ಹೆಚ್ಚು ಟೀ ಕುಡಿಯುತ್ತಿದ್ದರೆ ಅಥವಾ ಸುಸ್ತಿನಿಂದ ಟೀ ಹೆಚ್ಚಾಗಿದ್ದರೆ ಇದೇ ಫಲಿತಾಂಶ ಬರುತ್ತಿತ್ತು. ಟೀ, ಹಿಮೋಗ್ಲೋಬಿನ್ ಎರಡನ್ನೂ ಒಂದೇ ದಿನ ಅಳೆದ ಹಾಗೂ ತಿಂಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಇವುಗಳನ್ನು ಬೇರ್ಪಡಿಸಲು ಈ ಅಧ್ಯಯನದಿಂದ ಆಗದು."]

ಇದರಿಂದ ಪ್ರಬಂಧ ಬಡವಾಗಿದೆ ಅಂತ ನಿಮಗೆ ಅನಿಸುತ್ತಾ? ನನಗೆ ಅನಿಸುವುದಿಲ್ಲ. ವೈವಾದಲ್ಲಿ ಪರೀಕ್ಷಕರು "ಸುಸ್ತಾದವರೇ ಟೀ ಕುಡಿದಿರಬಹುದಲ್ಲಮ್ಮಾ?" ಅಂತ ಕೇಳಿದರೆ, "ಹೌದು ಸರ್, ಅದನ್ನೇ ಬರೆದಿದ್ದೇನೆ" ಅನ್ನಬಹುದು.

ಇಷ್ಟಾದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಡಿಸ್ಕಷನ್ ತಿದ್ದಿರುತ್ತಾರೆ, ಸಾರಾಂಶ ಮತ್ತು ಉಪಸಂಹಾರದಲ್ಲಿ ಹಳೇ ವಾಕ್ಯ ಹಾಗೇ ಕೂತಿರುತ್ತದೆ. ಆ ಎರಡು ಅಧ್ಯಾಯದ ಫೈಲ್ ತೆರೆದು "ಸಾಬೀತು", "ಕಾರಣ", "ಉಂಟಾಗುತ್ತದೆ", "ಪ್ರಯೋಜನವಿಲ್ಲ" ಈ ನಾಲ್ಕು ಪದ ಹುಡುಕಿ. ಪ್ರಬಂಧ ಇಂಗ್ಲಿಷ್‌ನಲ್ಲಿದ್ದರೆ ಪ್ರೂವ್ಸ್, ಕಾಸಸ್, ಲೀಡ್ಸ್ ಟು, ನೋ ಎಫೆಕ್ಟ್ ಹುಡುಕಿ. ಸಿಕ್ಕಿದ ಪ್ರತಿ ಕಡೆಯೂ ಯಾವ ಟೇಬಲ್‌ನಿಂದ ಈ ಮಾತು ಬಂತು ಅಂತ ಅಂಚಿನಲ್ಲಿ ಟೇಬಲ್ ಸಂಖ್ಯೆ ಬರೆಯಿರಿ. ಸಂಖ್ಯೆ ಬರೆಯಲಾಗದ ವಾಕ್ಯವನ್ನು ಸ್ಕಾಲರ್ ಜೊತೆ ಕೂತು ತೆಗೆದುಹಾಕಿ.