ಬಾವುಟದಿಂದ ಗೋಡೆಯವರೆಗೆ

ಕೇಳುಗರಿಗೆ ನಮಸ್ಕಾರ. ಆಟೋಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವ ಮನೋವಿಜ್ಞಾನಿ ನಾನು. ಈಗ ನನ್ನ ಕಣ್ಣ ಮುಂದೆ ಇರುವವರು ಮಕ್ಕಳಿಗೆ ಈಜು, ಜಿಮ್ನಾಸ್ಟಿಕ್ಸ್, ಓಟ ಕಲಿಸುವ ಕೋಚ್‌ಗಳು, ಮತ್ತು ಆ ಮಕ್ಕಳ ಅಪ್ಪ ಅಮ್ಮಂದಿರು. ಸ್ಪರ್ಧೆಗೆ ಮುಂಚೆ ಮಗು ಕಣ್ಣು ಮುಚ್ಚಿ ತನ್ನ ಆಟವನ್ನು ಮನಸ್ಸಿನಲ್ಲೇ ಒಮ್ಮೆ ಆಡಿಕೊಳ್ಳುತ್ತದಲ್ಲ, ಆ ತಾಲೀಮಿಗೆ ಒಂದು ಸ್ಕ್ರಿಪ್ಟ್ ಇರುತ್ತದೆ. ಅದನ್ನು ಬರೆಯುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ನಾನು ಹೇಳುವುದು ಒಂದೇ ಮಾತು: ಕಣ್ಣಿಗೆ ಕಾಣುವುದನ್ನು ಬರೆಯಬೇಡಿ, ಮೈಗೆ ತಿಳಿಯುವುದನ್ನು ಬರೆಯಿರಿ.

ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ. 13 ವರ್ಷ, ಬ್ಯಾಕ್‌ಸ್ಟ್ರೋಕ್ ಈಜುಗಾರ್ತಿ. ಅಂಗಾತ ಈಜುವವರಿಗೆ ಮುಂದಿರುವ ಗೋಡೆ ಕಾಣುವುದಿಲ್ಲ. ಅದಕ್ಕೇ ಸ್ಪರ್ಧೆಯ ಕೊಳದಲ್ಲಿ ಗೋಡೆಗೆ 5 ಮೀಟರ್ ಮೊದಲು ತಲೆಯ ಮೇಲೆ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ದಾಟಿದ ಮೇಲೆ ಕೈ ಎಣಿಸಬೇಕು. ಇವಳ ಲೆಕ್ಕ ನಾಲ್ಕು. ಮೂರು ಕೈ ಅಂಗಾತ, ನಾಲ್ಕನೆಯ ಕೈಗೆ ಬೋರಲಾಗಿ ಹೊರಳಿ, ಲಾಗ ಹಾಕಿ, ಗೋಡೆಗೆ ಕಾಲು ಕೊಟ್ಟು ಮತ್ತೆ ಅಂಗಾತವಾಗಿ ತಳ್ಳಿಕೊಂಡು ಹೊರಡಬೇಕು. ಅಭ್ಯಾಸದಲ್ಲಿ ಹತ್ತಕ್ಕೆ ಹತ್ತು ಸಲ ಸರಿಯಾಗಿ ಮಾಡುತ್ತಿದ್ದಳು. ಸ್ಪರ್ಧೆಯಲ್ಲಿ ಮಾತ್ರ ತಲೆ ಗೋಡೆಗೆ ಬಡಿದೀತು ಅನ್ನುವ ಭಯಕ್ಕೆ ಎರಡನೆಯ ಕೈಗೇ ಹೊರಳಿಬಿಡುತ್ತಿದ್ದಳು. ಬೇಗ ಹೊರಳಿದರೆ ಗೋಡೆ ಇನ್ನೂ ದೂರ. ಬೋರಲಾಗಿ ಕಾಲು ಬಡಿಯುತ್ತಾ ಸಾಗಬೇಕು. ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಹೊರಳಿದ ಮೇಲೆ ಕೈ ಎಳೆತ ನಿಲ್ಲದೆ ಲಾಗಕ್ಕೆ ಸೇರಬೇಕು. ಒಂದು ಸ್ಪರ್ಧೆಯಲ್ಲಿ ಅವಳನ್ನು ಅನರ್ಹಗೊಳಿಸಿದರು.

ಅವಳಿಗೆ ನಾನು ಮೊದಲು ಬರೆದುಕೊಟ್ಟ ಸ್ಕ್ರಿಪ್ಟ್ ಹೀಗಿತ್ತು: 'ನೀಲಿ ನೀರು ಹೊಳೆಯುತ್ತಿದೆ. ನೀನು ಸಲೀಸಾಗಿ ಈಜುತ್ತಿದ್ದೀಯ. ಗೋಡೆಗೆ ಹೆದರಬೇಡ. ಸುಂದರವಾಗಿ ತಿರುಗುತ್ತೀಯ.' ಓದಲು ಚೆನ್ನಾಗಿದೆ, ಅಲ್ಲವೇ? ಕೆಲಸಕ್ಕೆ ಬರಲಿಲ್ಲ. ಅವಳನ್ನೇ ಕೇಳಿದೆ, 'ಕಣ್ಣು ಮುಚ್ಚಿದಾಗ ನೀನು ಎಲ್ಲಿರುತ್ತೀಯ?' ಅವಳು, 'ಮೇಲೆ ಗ್ಯಾಲರಿಯಲ್ಲಿ ಕೂತು ನನ್ನನ್ನೇ ನೋಡ್ತಾ ಇರ್ತೀನಿ ಸರ್' ಅಂದಳು. ಅವಳು ತನ್ನ ಈಜಿಗೆ ತಾನೇ ಪ್ರೇಕ್ಷಕಳಾಗಿದ್ದಳು. ಹಾಗೆ ಮಾಡಿದ್ದು ನನ್ನ ವಾಕ್ಯಗಳೇ.

ಆಮೇಲೆ ಸ್ಟಾಪ್‌ವಾಚ್ ಹಿಡಿದೆವು. ನೀರಿನಲ್ಲಿ ಬಾವುಟ ದಾಟಿದ್ದರಿಂದ ಕಾಲು ಗೋಡೆ ಬಿಡುವವರೆಗೆ ಅವಳಿಗೆ ಸುಮಾರು 5 ಸೆಕೆಂಡು ಬೇಕಾಗುತ್ತಿತ್ತು. ದಡದಲ್ಲಿ ಕಣ್ಣು ಮುಚ್ಚಿಸಿ, ಬಾವುಟ ದಾಟಿದಾಗ ಒಮ್ಮೆ, ಕಾಲು ಗೋಡೆ ಬಿಟ್ಟಾಗ ಒಮ್ಮೆ ಬೆರಳು ತಟ್ಟು ಅಂದೆ. ಎರಡೇ ಸೆಕೆಂಡು! ಬಾವುಟದಿಂದ ನೇರ ಗೋಡೆಗೆ ಹಾರಿದ್ದಳು. ಹೆದರಿಕೆ ಇದ್ದ ಆ ಮೂರು ಕೈ, ಒಂದು ಹೊರಳು ಅವಳ ತಾಲೀಮಿನಲ್ಲಿ ಇರಲೇ ಇಲ್ಲ. ಕೋಚ್‌ಗಳೇ, ನಿಮಗೆ ಬೇರೆ ಯಾವ ಉಪಕರಣವೂ ಬೇಡ, ಸ್ಟಾಪ್‌ವಾಚ್ ಸಾಕು. ಮನಸ್ಸಿನ ಸಮಯ ಮೈದಾನದ ಸಮಯಕ್ಕಿಂತ ತೀರಾ ಕಡಿಮೆ ಬಂದರೆ ಮಗು ಏನನ್ನೋ ಹಾರಿಸುತ್ತಿದೆ ಎಂದು ತಿಳಿಯಿರಿ.

ಆ ಹಾಳೆ ಬದಿಗಿಟ್ಟು ಅವಳನ್ನು ನೀರಿಗಿಳಿಸಿದೆವು. ಒಂದೊಂದು ಟರ್ನ್ ಮುಗಿಸಿ ಬಂದ ಕೂಡಲೇ, 'ಈಗ ಮೈಗೆ ಏನು ಗೊತ್ತಾಯಿತು?' ಅಂತ ಕೇಳುವುದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಳ್ಳುವುದು. ಕೊನೆಗೆ ಬಂದದ್ದು ಇದು:

'ಕಿವಿ ನೀರೊಳಗಿದೆ, ಗುಂಯ್ ಅನ್ನುತ್ತಿದೆ. ಬಾವುಟ ಹೋಯಿತು. ಬಲಗೈ, ಒಂದು. ಎಡಗೈ, ಎರಡು. ಎದೆ ಡವಡವ ಅನ್ನುತ್ತಿದೆ, ಕೈ ನಿಲ್ಲಿಸಲ್ಲ. ಬಲಗೈ, ಮೂರು. ನಾಲ್ಕು ಅಂದ ಕೂಡಲೇ ಎಡ ಭುಜ ದಾಟಿಸಿ ಹೊರಳುತ್ತೇನೆ, ಮುಖಕ್ಕೆ ನೀರು ಬಡಿಯುತ್ತದೆ. ಗಲ್ಲ ಎದೆಗೆ. ಮೂಗಿನಿಂದ ಗುಳ್ಳೆ ಬಿಡುತ್ತೇನೆ. ಮಂಡಿ ಹೊಟ್ಟೆಗೆ. ಅಂಗಾಲಿಗೆ ಗೋಡೆ ಸಿಕ್ಕಿತು, ಗಟ್ಟಿಯಾಗಿದೆ. ತಳ್ಳು!'

ಇದರಲ್ಲಿ ನೀಲಿ ನೀರಿಲ್ಲ, ಹೊಳಪಿಲ್ಲ. 'ನೀನು' ಹೋಗಿ 'ನಾನು' ಬಂದಿದೆ. 'ಹೆದರಬೇಡ' ಅನ್ನುವುದೂ ಹೋಗಿದೆ, ಯಾಕೆಂದರೆ ಹಾಗಂದ ಕೂಡಲೇ ಮಗು ಮೊದಲು ಗೋಡೆಗೆ ತಲೆ ಬಡಿಯುವುದನ್ನೇ ನೆನೆಸಿಕೊಳ್ಳುತ್ತದೆ. ಹಾಗಂತ ಭಯವನ್ನು ಮುಚ್ಚಿಟ್ಟಿಲ್ಲ. ಎದೆ ಡವಡವ ಅನ್ನುತ್ತಿದೆ ಎಂದು ಒಪ್ಪಿಕೊಂಡು, ಆಗ ಕೈ ಏನು ಮಾಡಬೇಕು ಅನ್ನುವುದನ್ನು ಅದರ ಪಕ್ಕದಲ್ಲೇ ಇಟ್ಟಿದ್ದೇವೆ. ಅಮೆರಿಕದ ಮನೋವಿಜ್ಞಾನಿ ಪೀಟರ್ ಲ್ಯಾಂಗ್ 1979ರಲ್ಲೇ ಈ ಮಾತು ಹೇಳಿದ್ದರು. ಸುತ್ತಲಿನ ದೃಶ್ಯವನ್ನಷ್ಟೇ ವರ್ಣಿಸಿದರೆ ಸಾಲದು, ಮೈಯ ಪ್ರತಿಕ್ರಿಯೆಯನ್ನೂ ಸೇರಿಸಿದರೆ ಕಲ್ಪನೆಗೆ ಜೀವ ಬರುತ್ತದೆ ಅಂತ. ಇಷ್ಟು ವರ್ಷವಾದರೂ ನಾವು ಮಕ್ಕಳಿಗೆ ಸೂರ್ಯೋದಯ, ಚಪ್ಪಾಳೆ, ಪದಕ ಅಂತಲೇ ಬರೆದುಕೊಡುತ್ತಿದ್ದೇವೆ. ದಯವಿಟ್ಟು ಬಿಟ್ಟುಬಿಡಿ. ಮೈಗೆ ತಿಳಿಯುವುದನ್ನು ಬರೆಯಿರಿ.

ಅವಳು ಅದನ್ನು ತನ್ನ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮೊದಲು ನಿಧಾನವಾಗಿ, ಆಮೇಲೆ ವಾಕ್ಯಗಳನ್ನೆಲ್ಲ 'ಬಾವುಟ, ಒಂದು, ಎರಡು, ಮೂರು, ಹೊರಳು, ತಳ್ಳು' ಅನ್ನುವಷ್ಟಕ್ಕೆ ಇಳಿಸಿದೆವು. ಪೂರ್ತಿ ವಾಕ್ಯ ಓದುತ್ತಾ ಕೂತರೆ 5 ಸೆಕೆಂಡಿನಲ್ಲಿ ಮುಗಿಯುವುದಿಲ್ಲವಲ್ಲ. ಈಜುಡುಗೆಯಲ್ಲೇ, ಕೊಳದ ಪಕ್ಕದ ಬೆಂಚಿನ ಮೇಲೆ ಅಂಗಾತ ಮಲಗಿ, ಕೈ ಸ್ವಲ್ಪ ಆಡಿಸುತ್ತಾ ಮಾಡುತ್ತಿದ್ದಳು. ಒಮ್ಮೊಮ್ಮೆ ಕಲ್ಪನೆಯಲ್ಲೂ ತಲೆ ಬಡಿಯುತ್ತಿತ್ತು. ಆಗ ಅಲ್ಲೇ ನಿಲ್ಲಿಸು, ಬಾವುಟಕ್ಕೆ ವಾಪಸ್ ಹೋಗು, ನಿಧಾನವಾಗಿ ಮತ್ತೊಮ್ಮೆ ಅನ್ನುತ್ತಿದ್ದೆ. ತಪ್ಪಿದ್ದನ್ನು ಕೊನೆಯವರೆಗೆ ಓಡಿಸಬಾರದು. ಮೂರನೆಯ ವಾರಕ್ಕೆ ಬೆರಳು ತಟ್ಟುವ ಸಮಯ ನಾಲ್ಕೂವರೆ ಸೆಕೆಂಡಿಗೆ ಬಂತು. ಮುಂದಿನ ಸ್ಪರ್ಧೆಯಲ್ಲಿ ಅವಳು ನಾಲ್ಕನೆಯ ಕೈಗೇ ಹೊರಳಿದಳು.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಆರು ತಿಂಗಳಲ್ಲಿ ಹುಡುಗಿ ಎತ್ತರವಾದಳು, ಕೈ ಎಳೆತ ಉದ್ದವಾಯಿತು. ಸ್ಕ್ರಿಪ್ಟ್ ಮಾತ್ರ ಹಳೆಯದೇ. ನಾಲ್ಕಕ್ಕೆ ಹೊರಳಿದಾಗ ಗೋಡೆ ಮೈಮೇಲೇ ಬಂದಂತಿತ್ತು, ಮಂಡಿ ಪೂರ್ತಿ ಮಡಚಿಕೊಂಡು ತಳ್ಳಲು ಬಲವೇ ಸಿಗಲಿಲ್ಲ. ಎರಡು ಕೈ ಅಂಗಾತ, ಮೂರಕ್ಕೆ ಹೊರಳು ಎಂದು ತಿದ್ದಿದೆವು. ಹೊರಳುವ ಭುಜವೂ ಬದಲಾಯಿತು, ಹಾಗಾಗಿ ಮತ್ತೆ ನೀರಿಗಿಳಿದು, ಮತ್ತೆ ಕೇಳಿ ಬರೆಯಬೇಕಾಯಿತು. ಬೆಳೆಯುವ ಮಕ್ಕಳ ಸ್ಕ್ರಿಪ್ಟ್‌ಗೆ ಆಯಸ್ಸು ಕಡಿಮೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಗುವಿಗೆ ಇನ್ನೂ ಬಾರದ ಕೌಶಲವನ್ನು ಸ್ಕ್ರಿಪ್ಟ್ ಕಲಿಸುವುದಿಲ್ಲ. ಲಾಗ ಹಾಕಲು ಬಾರದ ಮಗುವಿಗೆ ಮೊದಲು ಲಾಗ ಕಲಿಸಿ. ಕೆಲವು ಮಕ್ಕಳಿಗೆ ಕಣ್ಣು ಮುಚ್ಚಿದರೆ ಚಿತ್ರವೇ ಬರುವುದಿಲ್ಲ. ಅವರನ್ನು ಬೈಯಬೇಡಿ, 'ನೋಡು' ಅನ್ನುವುದನ್ನು ಬಿಟ್ಟು ಎಣಿಕೆ ಕೊಡಿ, ಕೈ ಆಡಿಸಲು ಹೇಳಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ 200 ಮೀಟರ್ ಬಟರ್‌ಫ್ಲೈ ಈಜುವಾಗ ಕನ್ನಡಕದೊಳಗೆ ನೀರು ತುಂಬಿ ಗೋಡೆಯೇ ಕಾಣಲಿಲ್ಲ. ಕೈ ಎಣಿಸಿಕೊಂಡೇ ಮುಗಿಸಿದರು, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.

ಇನ್ನೊಂದೇ ಮಾತು. ಸ್ಪರ್ಧೆಯ ದಿನ ಹೊಸ ಕೊಳಕ್ಕೆ ಹೋದಾಗ, ವಾರ್ಮ್‌ಅಪ್‌ನಲ್ಲಿ ಬಾವುಟದಿಂದ ಗೋಡೆಗೆ ಎಷ್ಟು ಕೈ ಆಗುತ್ತದೆ ಎಂದು ಮಗು ಎರಡು ಸಲ ಎಣಿಸಲಿ. ಅಭ್ಯಾಸದ ಕೊಳದಲ್ಲಿ ಬಾವುಟವನ್ನು ಸರಿಯಾಗಿ 5 ಮೀಟರ್‌ಗೇ ಕಟ್ಟಿರುತ್ತಾರೆ ಅನ್ನಲಾಗುವುದಿಲ್ಲ. ಲೆಕ್ಕ ಬೇರೆ ಬಂದರೆ ಬೆಂಚಿನ ಮೇಲೆ ಮಲಗುವ ಮುಂಚೆ ಸ್ಕ್ರಿಪ್ಟ್‌ನ ಸಂಖ್ಯೆಯನ್ನು ಬದಲಾಯಿಸಿ. ನಮಸ್ಕಾರ.